ಏಳೂವರೆ ಸೆಂಟಿಮೀಟರ್ ದೀಪ: ಆನ್‌ಲೈನ್ ಖರೀದಿಯ ‘ನಿರೀಕ್ಷೆ–ವಾಸ್ತವ’ ಸ್ಕಿಟ್ ಬರೆಯುವ ಬಗೆ

‘ನಿರೀಕ್ಷೆ–ವಾಸ್ತವ’ ಮಾದರಿಯ ಸ್ಕಿಟ್‌ಗಳಲ್ಲಿ ಹೆಚ್ಚಿನವು ಸೋಲುವುದು ನಟನೆಯಲ್ಲಿ ಅಲ್ಲ, ಹೋಲಿಕೆಯಲ್ಲಿ. ನಿರೀಕ್ಷೆಯ ದೃಶ್ಯವನ್ನು ಹಾಲ್‌ನಲ್ಲಿ ಎದುರಿನಿಂದ ತೆಗೆದಿರುತ್ತಾರೆ, ವಾಸ್ತವದ್ದನ್ನು ಅಡುಗೆಮನೆಯಲ್ಲಿ ಪಕ್ಕದಿಂದ. ಸೀರೆ ಬದಲಾಗಿರುತ್ತದೆ, ತಲೆ ಕೆದರಿರುತ್ತದೆ, ಮುಖ ಸಪ್ಪಗಿರುತ್ತದೆ, ವಸ್ತುವೂ ಬೇರೆಯಾಗಿರುತ್ತದೆ. ನೋಡುವವರ ಕಣ್ಣಿಗೆ ಒಮ್ಮೆಗೇ ಹತ್ತು ವ್ಯತ್ಯಾಸಗಳು ಬಿದ್ದರೆ ಯಾವುದಕ್ಕೆ ನಗಬೇಕೆಂದು ತೀರ್ಮಾನಿಸುವಷ್ಟರಲ್ಲಿ ಮುಂದಿನ ದೃಶ್ಯ ಬಂದಾಗಿರುತ್ತದೆ. ಆಗ ಬರಹಗಾರ ಸಂಭಾಷಣೆಯ ಮೊರೆ ಹೋಗುತ್ತಾನೆ, ‘ಅಯ್ಯೋ, ಫೋಟೋದಲ್ಲಿ ಹೀಗಿರಲಿಲ್ಲವಲ್ಲ’ ಎಂದು ಪಾತ್ರದ ಬಾಯಲ್ಲಿ ಹೇಳಿಸುತ್ತಾನೆ. ಆ ಮಾತು ಬೇಕೆನಿಸಿದರೆ ಚಿತ್ರ ತನ್ನ ಕೆಲಸ ಮಾಡಿಲ್ಲ ಎಂದೇ ಅರ್ಥ.

ಆದ್ದರಿಂದ ಇಲ್ಲಿ ಒಂದು ಸ್ಕಿಟ್ಟನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟಿ ತೋರಿಸುತ್ತೇನೆ. ಅವಧಿ ಸುಮಾರು ಒಂದು ನಿಮಿಷ, ಚಿತ್ರೀಕರಣ ಮೊಬೈಲ್ ಫೋನ್‌ನಲ್ಲಿ, ಉದ್ದುದ್ದ ಫ್ರೇಮ್. ಪಾತ್ರಗಳು ಮೂರು: ಮೈಸೂರಿನ ಒಂದು ಮನೆಯ ಸೊಸೆ ಸುಮಾ, ಅವಳ ಅತ್ತೆ, ಪಾರ್ಸೆಲ್ ತರುವ ಹುಡುಗ. ಸಂದರ್ಭ ನವರಾತ್ರಿ, ಮನೆಯಲ್ಲಿ ಗೊಂಬೆ ಕೂರಿಸುವ ಸಿದ್ಧತೆ ನಡೆದಿದೆ. ಪಾಲಿಸಬೇಕಾದ ನಿಯಮ ಒಂದೇ: ಪ್ರತಿ ಜೋಡಿ ದೃಶ್ಯದಲ್ಲಿ ಒಂದು ಸಂಗತಿ ಮಾತ್ರ ಬದಲಾಗಬೇಕು, ಉಳಿದದ್ದೆಲ್ಲ ಹಾಗೆಯೇ ಇರಬೇಕು.

ಮೊದಲು ವಸ್ತು, ಆಮೇಲೆ ಕಥೆ

ಆನ್‌ಲೈನ್‌ನಲ್ಲಿ ಕೊಂಡು ಮೋಸಹೋದ ಅನುಭವ ಎಲ್ಲರ ಹತ್ತಿರವೂ ಇರುತ್ತದೆ. ಆದರೆ ಎಲ್ಲ ಅನುಭವವೂ ಕ್ಯಾಮೆರಾಗೆ ಒಗ್ಗುವುದಿಲ್ಲ. ಸೀರೆಯ ಬಣ್ಣವನ್ನೇ ತೆಗೆದುಕೊಳ್ಳಿ. ತೆರೆಯ ಮೇಲೆ ಮಾವಿನ ಹಳದಿಯಾಗಿದ್ದದ್ದು ಮನೆಗೆ ಬಂದಾಗ ಮಾಸಲು ಸಾಸಿವೆ ಬಣ್ಣವಾಗಿರುವುದು ನಿಜಜೀವನದಲ್ಲಿ ದೊಡ್ಡ ದುಃಖ. ಸ್ಕಿಟ್‌ನಲ್ಲಿ ಅದು ನಿಲ್ಲುವುದಿಲ್ಲ, ಏಕೆಂದರೆ ಎರಡು ದೃಶ್ಯಗಳ ಬೆಳಕು ಸ್ವಲ್ಪ ಬೇರೆಯಾದರೂ ಸಾಕು, ಬದಲಾದದ್ದು ಬೆಳಕೇ ಬಟ್ಟೆಯೇ ಎಂದು ನೋಡುಗರಿಗೆ ಅನುಮಾನ ಬರುತ್ತದೆ. ಮೇಲಾಗಿ ಅವರವರ ಫೋನಿನ ತೆರೆ ಅವರವರದೇ ಬಣ್ಣ ತೋರಿಸುತ್ತದೆ. ಬಟ್ಟೆ ತೆಳುವಾಗಿದೆ ಎಂಬುದೂ ಹೀಗೆಯೇ. ಅದು ಕೈಗೆ ತಿಳಿಯುವ ವಿಷಯ, ಕಣ್ಣಿಗಲ್ಲ. ಕಿಟಕಿಗೆ ಅಡ್ಡ ಹಿಡಿದು, ಹಿಂದಿನ ಕೈಬೆರಳು ಎಣಿಸುವಂತೆ ಕಂಡಾಗ ಮಾತ್ರ ಅದು ಚಿತ್ರವಾಗುತ್ತದೆ.

ಒಂದೇ ನೋಟಕ್ಕೆ ಕಾಣುವ ವ್ಯತ್ಯಾಸವೆಂದರೆ ಗಾತ್ರ. ಗಾತ್ರದ ಹಾಸ್ಯ ಆನ್‌ಲೈನ್ ಅಂಗಡಿಗಳ ಸ್ವಭಾವದಿಂದಲೇ ಹುಟ್ಟುತ್ತದೆ. ವಸ್ತುವಿನ ಫೋಟೋವನ್ನು ಬಿಳಿ ಹಿನ್ನೆಲೆಯಲ್ಲಿ, ಪಕ್ಕದಲ್ಲಿ ಏನೂ ಇಲ್ಲದೆ, ಫ್ರೇಮ್ ತುಂಬುವಂತೆ ತೆಗೆದಿರುತ್ತಾರೆ. ಕೈ, ಬಾಗಿಲು, ಕುರ್ಚಿ ಯಾವುದೂ ಇಲ್ಲದ ಕಡೆ ಬಟ್ಟಲೂ ಹಂಡೆಯೂ ಒಂದೇ ಅಳತೆ. ನಿಜವಾದ ಅಳತೆ ಕೆಳಗೆ ವಿವರಗಳ ಪಟ್ಟಿಯಲ್ಲಿ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ. ಅಂದರೆ ಅಂಗಡಿಯವನು ಸುಳ್ಳು ಹೇಳಿಲ್ಲ, ಕೊಂಡವಳು ದಡ್ಡಿಯೂ ಅಲ್ಲ. ಇಬ್ಬರ ನಡುವೆ ಒಂದು ಸಾಲು ಓದದೆ ಉಳಿದಿದೆ, ಅಷ್ಟೆ. ಹಾಸ್ಯಕ್ಕೆ ಇದು ಒಳ್ಳೆಯ ನೆಲ. ತಪ್ಪನ್ನು ಒಬ್ಬರ ತಲೆಗೆ ಕಟ್ಟಿದ ಕೂಡಲೇ ಸ್ಕಿಟ್ ದೂರಿನ ಅರ್ಜಿಯಾಗಿಬಿಡುತ್ತದೆ.

ನಮ್ಮ ವಸ್ತು ಒಂದು ಜೊತೆ ಹಿತ್ತಾಳೆಯ ದೀಪದ ಕಂಬ. ಗೊಂಬೆಯ ಮೆಟ್ಟಿಲುಗಳ ಎರಡು ಬದಿಗೂ ಒಂದೊಂದು ನಿಲ್ಲಿಸಬೇಕೆಂದು ಸುಮಾ ತರಿಸುತ್ತಾಳೆ. ಬೆಲೆ 2,495 ರೂಪಾಯಿ ಎಂಬುದಕ್ಕೆ ಗೀಟು ಎಳೆದು 499 ಎಂದು ಬರೆದಿದೆ, ಪಕ್ಕದಲ್ಲಿ 80% ರಿಯಾಯಿತಿ. ಅವಳ ಮನಸ್ಸಿನಲ್ಲಿರುವ ದೀಪ ಎರಡು ಅಡಿಯದು, ಸುಮಾರು 60 ಸೆಂಟಿಮೀಟರ್. ಬರುವ ದೀಪ 7.5 ಸೆಂಟಿಮೀಟರಿನದು. ಬೆಂಕಿಪೊಟ್ಟಣವನ್ನು ಪಕ್ಕದಲ್ಲಿ ಉದ್ದಕ್ಕೆ ನಿಲ್ಲಿಸಿದರೆ ದೀಪ ಅದಕ್ಕಿಂತ ಒಂದೆರಡು ಬೆರಳು ಎತ್ತರ ಇರುತ್ತದೆ, ಅಷ್ಟೆ.

ಈ ಎರಡು ಅಳತೆಗಳನ್ನು ಸುಮ್ಮನೆ ಆರಿಸಿದ್ದಲ್ಲ. ಅದರ ಲೆಕ್ಕ ಸ್ಕಿಟ್‌ನ ಕೊನೆಯಲ್ಲಿದೆ. ಬರೆಯುವುದನ್ನೂ ಅಲ್ಲಿಂದಲೇ ಶುರುಮಾಡಬೇಕು.

ಕೊನೆಯ ದೃಶ್ಯವನ್ನು ಮೊದಲು ಬರೆಯಿರಿ

ನಿರೀಕ್ಷೆ, ವಾಸ್ತವ, ಮತ್ತೆ ನಿರೀಕ್ಷೆ, ಮತ್ತೆ ವಾಸ್ತವ ಎಂದು ಹೋಗುತ್ತಿದ್ದರೆ ಮೂರನೆಯ ಜೋಡಿಯ ಹೊತ್ತಿಗೆ ನೋಡುಗರು ಲಯ ಹಿಡಿದುಬಿಡುತ್ತಾರೆ. ‘ಈಗ ಇದು ಕೆಡುತ್ತದೆ’ ಎಂದು ಮೊದಲೇ ಊಹಿಸುತ್ತಾರೆ. ಆ ಊಹೆಯನ್ನು ಒಮ್ಮೆ ಸುಳ್ಳು ಮಾಡುವುದಕ್ಕಾಗಿಯೇ ಕೊನೆಯ ದೃಶ್ಯ ಇರುವುದು. ಅಲ್ಲಿ ವಾಸ್ತವವು ನಿರೀಕ್ಷೆಯ ಹಾಗೆಯೇ ಕಾಣಬೇಕು.

7.5 ಸೆಂಟಿಮೀಟರಿನ ದೀಪ ಎಲ್ಲಿ ಎರಡಡಿ ದೀಪದಂತೆ ಕಾಣುತ್ತದೆ? ಗೊಂಬೆಗಳ ನಡುವೆ. ಪಟ್ಟದ ಗೊಂಬೆಗಳು, ಅಂದರೆ ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ರಾಜ–ರಾಣಿಯರ ಮರದ ಜೋಡಿ, ಬೇರೆ ಬೇರೆ ಎತ್ತರದಲ್ಲಿ ಸಿಗುತ್ತವೆ. ನಮಗೆ ಬೇಕಾದದ್ದು 20 ಸೆಂಟಿಮೀಟರ್ ಎತ್ತರದ್ದು. ಸುಮಾ ಪಾತ್ರದ ನಟಿ 5 ಅಡಿ 2 ಅಂಗುಲ, ಸುಮಾರು 157 ಸೆಂಟಿಮೀಟರ್ ಎಂದುಕೊಳ್ಳಿ. ಅವಳ ಪಕ್ಕದಲ್ಲಿ 60 ಸೆಂಟಿಮೀಟರ್ ದೀಪ ಎಷ್ಟು ಎತ್ತರ ಕಾಣುತ್ತದೆಯೋ, 20 ಸೆಂಟಿಮೀಟರ್ ರಾಣಿಯ ಪಕ್ಕದಲ್ಲಿ 7.5 ಸೆಂಟಿಮೀಟರ್ ದೀಪ ಹೆಚ್ಚುಕಡಿಮೆ ಅಷ್ಟೇ ಎತ್ತರ ಕಾಣುತ್ತದೆ. ನಿಮ್ಮ ಮನೆಯ ಗೊಂಬೆ ಇನ್ನೂ ದೊಡ್ಡದಿದ್ದರೆ ದೀಪವನ್ನು ಅದೇ ಲೆಕ್ಕದಲ್ಲಿ ಬದಲಿಸಿಕೊಳ್ಳಿ: ಗೊಂಬೆಯ ಎತ್ತರದ ಎಂಟರಲ್ಲಿ ಮೂರು ಪಾಲು ದೀಪಕ್ಕೆ.

ಈ ಕೊನೆಯ ದೃಶ್ಯ ಕೈಗೆ ಸಿಕ್ಕಿದ ಮೇಲೆ ಉಳಿದ ಸ್ಕಿಟ್ ತಾನಾಗಿಯೇ ಒಂದು ಬೇಡಿಕೆ ಇಡುತ್ತದೆ. ಗೊಂಬೆಗಳು ಮೊದಲ ಫ್ರೇಮಿನಿಂದಲೂ ಹಿನ್ನೆಲೆಯಲ್ಲಿ ಇರಬೇಕು. ಅತ್ತೆ ಅವನ್ನು ಒರೆಸುತ್ತ, ಜೋಡಿಸುತ್ತ ಇರಬೇಕು. ಯಾರೂ ಅವುಗಳ ಬಗ್ಗೆ ಮಾತಾಡಬಾರದು.

ಎರಡು ಲೋಕಗಳ ಗುರುತು

ಒಂದೇ ಸಂಗತಿ ಬದಲಾಗಬೇಕು ಎಂದೆ. ಹಾಗಿದ್ದರೆ ಯಾವುದು ಕನಸು, ಯಾವುದು ನಿಜ ಎಂದು ತಿಳಿಯುವುದು ಹೇಗೆ? ಅದಕ್ಕೆ ಇಡೀ ಸ್ಕಿಟ್‌ಗೆ ಅನ್ವಯಿಸುವ ಗುರುತುಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನಿರೀಕ್ಷೆ ಯಾವಾಗಲೂ ಕಿಟಕಿಯ ಹಗಲು ಬೆಳಕಿನಲ್ಲಿ, ಅರ್ಧ ವೇಗದಲ್ಲಿ, ವೀಣೆಯ ನಾದದೊಂದಿಗೆ. ವಾಸ್ತವ ಯಾವಾಗಲೂ ಟ್ಯೂಬ್‌ಲೈಟ್‌ನಲ್ಲಿ, ಸಹಜ ವೇಗದಲ್ಲಿ, ಮನೆಯ ಸದ್ದಿನೊಂದಿಗೆ: ಕುಕ್ಕರಿನ ಸೀಟಿ, ಪಕ್ಕದ ಮನೆಯ ಮಿಕ್ಸಿ. ಇವು ನಗೆಯ ವಿಷಯವಲ್ಲ, ಬರೀ ವಿಳಾಸ. ಎಲ್ಲ ಜೋಡಿಗಳಲ್ಲೂ ಒಂದೇ ರೀತಿ ಬರುವುದರಿಂದ ಎರಡನೆಯ ಜೋಡಿಯ ಹೊತ್ತಿಗೆ ಯಾರೂ ಅವನ್ನು ಗಮನಿಸುವುದಿಲ್ಲ. ‘ನಿರೀಕ್ಷೆ’, ‘ವಾಸ್ತವ’ ಎಂಬ ಬರಹವನ್ನೂ ಮೊದಲ ಜೋಡಿಗೆ ಮಾತ್ರ ಹಾಕಿದರೆ ಸಾಕು. ಕೊನೆಯವರೆಗೂ ಹಾಕುತ್ತ ಹೋಗುವವರು ನೋಡುಗರನ್ನು ನಂಬುವುದಿಲ್ಲ.

ನಟಿಯ ಸೀರೆ, ಜಡೆ, ಬಳೆ ಬದಲಾಗಕೂಡದು. ವಾಸ್ತವದಲ್ಲಿ ಹೆಂಗಸನ್ನು ಕೆಟ್ಟದಾಗಿ ಕಾಣಿಸುವುದು ಈ ಬಗೆಯ ಸ್ಕಿಟ್‌ಗಳ ಅತ್ಯಂತ ಸವಕಲು ಚಾಳಿ. ಕೆಟ್ಟಿರುವುದು ದೀಪದ ಅಳತೆ, ಅವಳ ಮುಖವಲ್ಲ.

ಬರೆಯುವ ಕ್ರಮ

ಪುಟವನ್ನು ಉದ್ದಕ್ಕೆ ಎರಡು ಭಾಗ ಮಾಡಿ. ಎಡಕ್ಕೆ ಚಿತ್ರ, ಬಲಕ್ಕೆ ಧ್ವನಿ. ಎಡಭಾಗವನ್ನು ಪೂರ್ತಿ ಬರೆದು ಮುಗಿಸುವವರೆಗೆ ಬಲಭಾಗಕ್ಕೆ ಕೈ ಹಚ್ಚಬೇಡಿ. ಎಡಭಾಗದಲ್ಲಿ ಕ್ಯಾಮೆರಾಗೆ ಕಾಣದ ಯಾವ ಶಬ್ದವೂ ಇರಬಾರದು. ‘ಸುಮಾಳಿಗೆ ನಿರಾಶೆಯಾಗುತ್ತದೆ’ ಎಂದು ಬರೆದರೆ ಅದನ್ನು ಚಿತ್ರೀಕರಿಸಲಾಗದು. ‘ಸುಮಾ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವುತ್ತಾಳೆ’ ಎಂದರೆ ಆಗುತ್ತದೆ.

ಕೆಳಗಿನ ಪಾಠದಲ್ಲಿ ಅನುಕೂಲಕ್ಕಾಗಿ ಚಿತ್ರ, ಧ್ವನಿಗಳನ್ನು ಒಂದರ ಕೆಳಗೊಂದು ಕೊಟ್ಟಿದ್ದೇನೆ. ಮಾತುಗಳನ್ನು ಬರಹದ ಕನ್ನಡದಲ್ಲಿ ಬರೆದಿದ್ದೇನೆ, ನಟರು ತಮ್ಮ ಊರಿನ ಮಾತಿನಲ್ಲಿಯೇ ಹೇಳಲಿ.

*ಆರಂಭ, 8 ಸೆಕೆಂಡು*

ಚಿತ್ರ: ಸುಮಾ ನೆಲದ ಮೇಲೆ ಕುಳಿತು ಫೋನ್ ನೋಡುತ್ತಿದ್ದಾಳೆ. ಹಿಂದೆ ಅತ್ತೆ ಗೊಂಬೆಗಳನ್ನು ಒರೆಸಿ ಮೆಟ್ಟಿಲ ಮೇಲೆ ಇಡುತ್ತಿದ್ದಾರೆ. ಕಟ್. ಫೋನಿನ ತೆರೆ ಹತ್ತಿರದಿಂದ: ಬಿಳಿ ಹಿನ್ನೆಲೆಯಲ್ಲಿ ಹೊಳೆಯುವ ಜೋಡಿ ದೀಪ, ಗೀಟು ಎಳೆದ ಬೆಲೆ, ಹೊಸ ಬೆಲೆ, ಅದರ ಕೆಳಗೆ ವಿವರಗಳ ಸಾಲು. ಆ ಸಾಲಿನ ಮೇಲೆ ಸುಮಾಳ ಹೆಬ್ಬೆರಳು ಇದೆ. ಇನ್ನೊಂದು ಕೈಯ ಬೆರಳು ‘ಖರೀದಿಸಿ’ ಎಂಬುದನ್ನು ಒತ್ತುತ್ತದೆ.

ಧ್ವನಿ: ಸುಮಾ: ‘ಅತ್ತೆ, ಎರಡು ಕಂಬಕ್ಕೆ ಐನೂರು ರೂಪಾಯಿಯೂ ಇಲ್ಲ!’ ಅತ್ತೆ ತಲೆ ಎತ್ತದೆ: ‘ಹಿತ್ತಾಳೆಯದೇ ತಾನೇ?’

ಈ ಆರಂಭದಲ್ಲಿ ಮುಖ್ಯವಾದುದು ಹೆಬ್ಬೆರಳು. ‘ಎತ್ತರ 7.5 ಸೆಂ.ಮೀ.’ ಎಂಬ ಸಾಲು ಅದರ ಅಡಿಯಲ್ಲಿದೆ. ಫೋನನ್ನು ಹಿಡಿಯುವಾಗ ಹೆಬ್ಬೆರಳು ಅಲ್ಲಿ ಬರುವುದು ಸಹಜವಾಗಿರುವುದರಿಂದ ಮೊದಲ ಸಲ ನೋಡುವವರಿಗೆ ಏನೂ ಅನುಮಾನ ಬರುವುದಿಲ್ಲ. ಅತ್ತೆಯ ಪ್ರಶ್ನೆಯೂ ಅದೇ ಕೆಲಸ ಮಾಡುತ್ತದೆ. ಲೋಹದ ಬಗ್ಗೆ ಅನುಮಾನ ಹುಟ್ಟಿಸಿ, ಅಳತೆಯ ಕಡೆಗೆ ಮನಸ್ಸು ಹೋಗದಂತೆ ತಡೆಯುತ್ತದೆ.

ತೆರೆಯ ಮೇಲೆ ನಿಜವಾದ ಯಾವ ಅಂಗಡಿಯ ಹೆಸರೂ ಚಿಹ್ನೆಯೂ ಬೇಡ. ಅಂಗಡಿ ಪುಟದಂತೆ ಕಾಣುವ ಒಂದು ಉದ್ದನೆಯ ಚಿತ್ರವನ್ನು ನೀವೇ ಮಾಡಿಕೊಂಡು, ಫೋನಿನ ಗ್ಯಾಲರಿಯಲ್ಲಿ ತೆರೆದು, ಹಿಗ್ಗಿಸಿ ಬೆರಳಿನಿಂದ ಸರಿಸಿದರೆ ಆ್ಯಪ್‌ನಂತೆಯೇ ಕಾಣುತ್ತದೆ. ತೆರೆಯ ಪ್ರಕಾಶ ಇಳಿಸಿ. ಇಲ್ಲದಿದ್ದರೆ ಫೋನ್ ಬೆಳ್ಳಗೆ ಸಿಡಿದು, ಕೈ ಕಪ್ಪಾಗಿ, ಹೆಬ್ಬೆರಳು ಎಲ್ಲಿದೆ ಎಂಬುದೇ ಕಾಣದು.

*ಮೊದಲ ಜೋಡಿ: ಬಾಗಿಲು. ಬದಲಾಗುವುದು ತೂಕ*

ಚಿತ್ರ, ನಿರೀಕ್ಷೆ, 5 ಸೆಕೆಂಡು: ಬಾಗಿಲು ನೇರವಾಗಿ ಎದುರಿಗೆ. ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ಹುಡುಗ ಮತ್ತು ಅತ್ತೆ ಆ ಬದಿ ಈ ಬದಿ ಹಿಡಿದು, ಬೆನ್ನು ಬಾಗಿಸಿ, ಹೊಸ್ತಿಲು ದಾಟಿಸುತ್ತಿದ್ದಾರೆ. ಸುಮಾ ದಾರಿಯಲ್ಲಿದ್ದ ಕುರ್ಚಿಯನ್ನು ಪಕ್ಕಕ್ಕೆ ಎಳೆಯುತ್ತಾಳೆ.

ಚಿತ್ರ, ವಾಸ್ತವ, 3 ಸೆಕೆಂಡು: ಅದೇ ಬಾಗಿಲು, ಅದೇ ಪೆಟ್ಟಿಗೆ. ಹುಡುಗ ಅದನ್ನು ಒಂದು ಅಂಗೈ ಮೇಲೆ ಹೋಟೆಲಿನ ತಟ್ಟೆಯಂತೆ ಹಿಡಿದಿದ್ದಾನೆ. ಇನ್ನೊಂದು ಕೈಯಲ್ಲಿ ಫೋನ್. ಸುಮಾ ಎರಡೂ ತೋಳು ಚಾಚಿ, ಮಂಡಿ ಬಾಗಿಸಿ ಭಾರ ಹೊರಲು ಸಿದ್ಧಳಾಗಿ ನಿಂತಿದ್ದಾಳೆ.

ಧ್ವನಿ: ‘ಮೇಡಂ, ಒಟಿಪಿ ಹೇಳಿ.’

ಇಲ್ಲಿ ದೀಪದ ಗಾತ್ರವನ್ನು ಇನ್ನೂ ತೋರಿಸಿಲ್ಲ. ಸಣ್ಣ ಸಾಮಾನಿಗೆ ದೊಡ್ಡ ಪೆಟ್ಟಿಗೆ ಬರುವುದು ಎಲ್ಲರೂ ಕಂಡದ್ದೇ, ಹಾಗಾಗಿ ಪೆಟ್ಟಿಗೆ ದೊಡ್ಡದಾಗಿದ್ದರೂ ಯಾರಿಗೂ ಅಸಹಜ ಎನಿಸದು. ತೂಕ ಕ್ಯಾಮೆರಾಗೆ ಕಾಣುವುದಿಲ್ಲ, ಕಾಣುವುದು ಹೊರುವವರ ಬೆನ್ನು. ನಿರೀಕ್ಷೆಯ ದೃಶ್ಯದಲ್ಲಿ ಖಾಲಿ ಪೆಟ್ಟಿಗೆ ಹಿಡಿದು ಭಾರದ ನಟನೆ ಮಾಡಿಸಬೇಡಿ, ಒಳಗೆ ಹತ್ತು ಕಿಲೋ ಅಕ್ಕಿಯ ಚೀಲ ಇಡಿ. ನಟನೆಯ ಭಾರಕ್ಕೂ ನಿಜವಾದ ಭಾರಕ್ಕೂ ಮಣಿಕಟ್ಟಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.

ಹುಡುಗನ ಪಾತ್ರದ ಬಗ್ಗೆ ಒಂದು ಮಾತು. ಅವನನ್ನು ಒರಟನನ್ನಾಗಿಯೋ ಪೆದ್ದನನ್ನಾಗಿಯೋ ಮಾಡುವ ಆಸೆ ಬರುತ್ತದೆ. ಅವನು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿದ್ದಾನೆ, ಇಡೀ ಕಥೆಯಲ್ಲಿ ಯಾವ ಭ್ರಮೆಯೂ ಇಲ್ಲದವನು ಅವನೊಬ್ಬನೇ. ಅವನು ನಿರ್ವಿಕಾರವಾಗಿ ನಿಂತಷ್ಟೂ ಸುಮಾಳ ಬಾಗಿದ ಮಂಡಿ ನಗಿಸುತ್ತದೆ.

*ಎರಡನೆಯ ಜೋಡಿ: ಪೆಟ್ಟಿಗೆ ಬಿಚ್ಚುವುದು. ಬದಲಾಗುವುದು ಹೊದಿಕೆಯ ಪ್ರಮಾಣ*

ಚಿತ್ರ, ನಿರೀಕ್ಷೆ, 5 ಸೆಕೆಂಡು: ಪೆಟ್ಟಿಗೆ ಫ್ರೇಮಿನ ಕೆಳಗಿನ ಅರ್ಧದಲ್ಲಿ, ಅದರ ಹಿಂದೆ ಸುಮಾ, ಅವಳ ಭುಜದ ಮೇಲಿಂದ ಇಣುಕುವ ಅತ್ತೆ. ಸುಮಾ ಮುಚ್ಚಳ ತೆರೆಯುತ್ತಾಳೆ. ಇಬ್ಬರ ಮುಖದ ಮೇಲೂ ಹೊಂಬಣ್ಣದ ಬೆಳಕು. ಎರಡೂ ಕೈ ಒಳಗೆ ಹೋಗುತ್ತವೆ. ದೀಪ ಕಾಣುವ ಮೊದಲೇ ಕಟ್.

ಚಿತ್ರ, ವಾಸ್ತವ, 9 ಸೆಕೆಂಡು: ಅದೇ ಫ್ರೇಮ್. ಮುಚ್ಚಳ ತೆರೆಯುತ್ತದೆ. ಕಂದು ಕಾಗದ ಹೊರಬರುತ್ತದೆ. ಇನ್ನೂ ಕಾಗದ. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳ ಸರ. ಮತ್ತೆ ಕಾಗದ. ಅತ್ತೆಯ ಮುಖ ಕಾಗದದ ರಾಶಿಯ ಹಿಂದೆ ನಿಧಾನವಾಗಿ ಮರೆಯಾಗುತ್ತದೆ. ಸುಮಾಳ ತೋಳು ಭುಜದವರೆಗೆ ಒಳಗೆ ಹೋಗಿ, ಮುಷ್ಟಿ ಕಟ್ಟಿಕೊಂಡು ಹೊರಗೆ ಬರುತ್ತದೆ. ಮುಷ್ಟಿ ತೆರೆಯುತ್ತದೆ. ಅಂಗೈ ಮೇಲೆ ದೀಪ. ಕಾಗದದ ರಾಶಿಯ ಮೇಲಿಂದ ಅತ್ತೆಯ ಕೈ ಬಂದು ಕನ್ನಡಕ ಹುಡುಕುತ್ತದೆ.

ಧ್ವನಿ: ಕಾಗದದ ಸರಸರ. ಮಾತಿಲ್ಲ.

ಸ್ಕಿಟ್‌ನ ಮುಖ್ಯ ಗುಟ್ಟು ಬಯಲಾಗುವುದು ಇಲ್ಲೇ, ಆದ್ದರಿಂದ ಇಲ್ಲಿ ಸಮಯ ಕೊಡಿ. ನಿರೀಕ್ಷೆಯಲ್ಲಿ ದೀಪ ತೋರಿಸದೆ ಕತ್ತರಿಸಿದ್ದಕ್ಕೆ ಕಾರಣವಿದೆ. ದೊಡ್ಡ ದೀಪವನ್ನು ಒಮ್ಮೆ ಕಂಡುಬಿಟ್ಟರೆ ವಾಸ್ತವದ ಒಂಬತ್ತು ಸೆಕೆಂಡೂ ನೋಡುಗರು ಸಣ್ಣ ದೀಪಕ್ಕಾಗಿ ಕಾಯುತ್ತಾರೆ. ಕಾಣದಿದ್ದರೆ ಪೆಟ್ಟಿಗೆಯಲ್ಲಿ ಏನಿದೆ ಎಂದು ಸುಮಾಳ ಜೊತೆಗೇ ಹುಡುಕುತ್ತಾರೆ. ಮುಷ್ಟಿಯೂ ಮುಖ್ಯ. ದೀಪವನ್ನು ಎರಡು ಬೆರಳಿನಲ್ಲಿ ಹಿಡಿದು ತೆಗೆದರೆ ಗಾತ್ರ ಮೊದಲೇ ಬಯಲಾಗುತ್ತದೆ. ಮುಷ್ಟಿಯೊಳಗೆ ಅಡಗಿತ್ತು ಎಂಬುದೇ ಅದರ ಅಳತೆ. 7.5 ಸೆಂಟಿಮೀಟರ್ ಮುಷ್ಟಿಗೆ ಸರಿಹೋಗುತ್ತದೆ, ಹತ್ತು ಸೆಂಟಿಮೀಟರಾದರೆ ತುದಿ ಹೊರಗೆ ಇಣುಕುತ್ತದೆ.

ಕಾಗದ ಎಷ್ಟು ಬಾರಿ ಹೊರಬರಬೇಕು ಎಂಬುದನ್ನು ತಾಲೀಮಿನಲ್ಲಿ ಗೊತ್ತುಮಾಡಿಕೊಳ್ಳಿ. ಮೂರನೆಯ ಸಲಕ್ಕೆ ನಗು ಬರುತ್ತದೆ, ಐದಾರನೆಯ ಸಲಕ್ಕೆ ನಿಲ್ಲುತ್ತದೆ, ಇನ್ನೂ ಮುಂದುವರಿಸಿದರೆ ಕೆಲವೊಮ್ಮೆ ಮತ್ತೆ ಶುರುವಾಗುತ್ತದೆ. ಒಂದು ನಿಮಿಷದ ಸ್ಕಿಟ್‌ನಲ್ಲಿ ಆ ಮರುಹುಟ್ಟಿಗೆ ಕಾಯುವಷ್ಟು ಜಾಗವಿಲ್ಲ.

*ಮೂರನೆಯ ಜೋಡಿ: ದೀಪಕ್ಕೆ ಎಣ್ಣೆ. ಬದಲಾಗುವುದು ದೀಪ*

ಚಿತ್ರ, ನಿರೀಕ್ಷೆ, 5 ಸೆಕೆಂಡು: ಕ್ಯಾಮೆರಾ ತಗ್ಗಿನಲ್ಲಿ. ಎಡಕ್ಕೆ ನೆಲದ ಮೇಲೆ ನಿಂತ ಎರಡಡಿ ದೀಪ, ಬಲಕ್ಕೆ ಸುಮಾ. ಅವಳು ಬಾಗಿ ಗಿಂಡಿಯಿಂದ ಎಣ್ಣೆ ಹೊಯ್ಯುತ್ತಾಳೆ. ಜ್ಯೋತಿ ಬೆಳಗುತ್ತದೆ. ನೆಟ್ಟಗೆ ನಿಂತು ಕೈ ಮುಗಿಯುತ್ತಾಳೆ.

ಚಿತ್ರ, ವಾಸ್ತವ, 8 ಸೆಕೆಂಡು: ಅದೇ ಫ್ರೇಮ್. ಎಡಕ್ಕೆ ಖಾಲಿ ಜಾಗ, ತೀರಾ ಕೆಳಗೆ ಚದುರಂಗದ ಕಾಯಿಯಷ್ಟು ದೀಪ. ಸುಮಾ ಅಷ್ಟೇ ಬಾಗಿ, ಅಷ್ಟೇ ಎತ್ತರದಿಂದ, ಅದೇ ಗಿಂಡಿಯಿಂದ ಎಣ್ಣೆ ಹೊಯ್ಯುತ್ತಾಳೆ. ಮುಖದಲ್ಲಿ ಅದೇ ಭಕ್ತಿ. ಕೆಳಗೆ ಎಣ್ಣೆ ಹರಿಯುತ್ತದೆ. ಫ್ರೇಮಿನ ಅಂಚಿನಿಂದ ನೆಲ ಒರೆಸುವ ಬಟ್ಟೆ ಹಿಡಿದ ಅತ್ತೆಯ ಕೈ ಬರುತ್ತದೆ.

ಧ್ವನಿ: ಎಣ್ಣೆ ನೆಲಕ್ಕೆ ಬೀಳುವ ಸದ್ದು. ಅತ್ತೆ, ತಣ್ಣಗೆ: ‘ಸಾಕು ಸುಮಾ, ತುಂಬಿತು.’

ಈ ಜೋಡಿಯಲ್ಲಿ ಎರಡು ಪ್ರಲೋಭನೆಗಳನ್ನು ಗೆಲ್ಲಬೇಕು. ಮೊದಲನೆಯದು, ಸಣ್ಣ ದೀಪ ಕಾಣುತ್ತಿಲ್ಲವೆಂದು ಕ್ಯಾಮೆರಾವನ್ನು ಹತ್ತಿರ ಒಯ್ಯುವುದು. ಒಯ್ದ ಕೂಡಲೇ ದೀಪ ಮತ್ತೆ ದೊಡ್ಡದಾಗಿ, ವ್ಯತ್ಯಾಸ ಸತ್ತುಹೋಗುತ್ತದೆ. ಖಾಲಿ ಉಳಿದ ಜಾಗವೇ ಇಲ್ಲಿ ಹಾಸ್ಯ. ಎರಡನೆಯದು, ಸುಮಾಳಿಂದ ಮುಖ ಹುಳ್ಳಗೆ ಮಾಡಿಸುವುದು. ದೀಪ ಮಾತ್ರ ಬದಲಾಗಿದೆ, ಅವಳ ಚಲನೆ ಮೊದಲಿನದೇ. ಬೇಕಾದರೆ ನಿರೀಕ್ಷೆಯ ದೃಶ್ಯವನ್ನು ಅಲ್ಲೇ ಫೋನಿನಲ್ಲಿ ನಟಿಗೆ ತೋರಿಸಿ, ಎಷ್ಟು ಬಾಗಿದ್ದಳು, ಗಿಂಡಿ ಯಾವ ಎತ್ತರದಲ್ಲಿತ್ತು ಎಂದು ನೋಡಿಕೊಂಡು ಮತ್ತೆ ಮಾಡಿಸಿ.

ದೊಡ್ಡ ದೀಪ ನಿಮ್ಮಲ್ಲಿ ಇಲ್ಲದಿದ್ದರೆ ನೆಂಟರ ಮನೆಯಿಂದ ತನ್ನಿ. ಸಿಗದೇ ಹೋದರೆ ಒಂದು ಉಪಾಯವಿದೆ. ಸಣ್ಣ ದೀಪವನ್ನು ಕ್ಯಾಮೆರಾದಿಂದ 25 ಸೆಂಟಿಮೀಟರ್ ದೂರದಲ್ಲಿ ಇಟ್ಟು, ನಟಿಯನ್ನು ಎರಡು ಮೀಟರ್ ದೂರ ನಿಲ್ಲಿಸಿದರೆ 7.5 ಸೆಂಟಿಮೀಟರಿನ ದೀಪ ಅವಳ ಪಕ್ಕದಲ್ಲಿರುವ 60 ಸೆಂಟಿಮೀಟರಿನ ದೀಪದಷ್ಟೇ ಕಾಣುತ್ತದೆ. ಆದರೆ ಅವಳು ದೀಪವನ್ನು ಮುಟ್ಟುವಂತಿಲ್ಲ, ಎಣ್ಣೆ ಹೊಯ್ಯುವಂತಿಲ್ಲ. ಆಗ ಈ ಜೋಡಿಯ ಜೀವವೇ ಹೋಗುತ್ತದೆ. ಎರವಲು ತರುವುದೇ ವಾಸಿ.

ಎಣ್ಣೆ, ಬೆಂಕಿ, ಕಾಗದ ಮೂರೂ ಒಂದೇ ಕೋಣೆಯಲ್ಲಿರುವ ಚಿತ್ರೀಕರಣ ಇದು. ಕಾಗದದ ದೃಶ್ಯ ಮುಗಿಸಿ, ಎಲ್ಲವನ್ನೂ ಹೊರಗೆ ಹಾಕಿದ ಮೇಲೆಯೇ ದೀಪ ಹಚ್ಚಿ. ಹತ್ತಿ ಸೀರೆ ಉಡಿಸಿ, ಒಂದು ಬಕೆಟ್ ನೀರು ಹತ್ತಿರದಲ್ಲಿರಲಿ.

*ಹೆಬ್ಬೆರಳು, 3 ಸೆಕೆಂಡು*

ಚಿತ್ರ: ಆರಂಭದ ಫೋನಿನ ತೆರೆ, ಅದೇ ಫ್ರೇಮ್, ಅದೇ ಕೈ. ಹೆಬ್ಬೆರಳು ಮೆಲ್ಲನೆ ಮೇಲೇಳುತ್ತದೆ. ಅಡಿಯಲ್ಲಿ: ‘ಎತ್ತರ 7.5 ಸೆಂ.ಮೀ.’

ಧ್ವನಿ: ಕುಕ್ಕರಿನ ಒಂದು ಸೀಟಿ.

ಮೊದಲ ಕರಡಿನಲ್ಲಿ ಈ ಜಾಗದಲ್ಲಿ ಸಾಮಾನು ವಾಪಸು ಕಳಿಸುವ ಜೋಡಿ ಇತ್ತು: ಒಂದೇ ಒತ್ತಿಗೆ ಹಣ ಮರಳುವ ಕನಸು, ಕಾರಣ ಆರಿಸಿ, ಫೋಟೋ ಹಾಕಿ, ಮತ್ತೆ ಪ್ರಯತ್ನಿಸಿ ಎನ್ನುವ ನಿಜ. ತೆಗೆದುಹಾಕಿದೆ. ಮರಳಿಸುವ ಪ್ರಕರಣ ಎಷ್ಟೇ ನಿಜವಾದರೂ ಅದು ತೆರೆಯ ಮೇಲಿನ ಅಕ್ಷರಗಳಲ್ಲಿ, ಗ್ರಾಹಕ ಸೇವೆಯವರ ಮಾತಿನಲ್ಲಿ ನಡೆಯುತ್ತದೆ. ಓದಿಸಬೇಕಾದದ್ದು, ಕೇಳಿಸಬೇಕಾದದ್ದು ಹೆಚ್ಚು, ತೋರಿಸುವಂಥದ್ದು ಏನೂ ಇಲ್ಲ. ಹೆಬ್ಬೆರಳು ಏಳುವುದು ಮೂರೇ ಸೆಕೆಂಡಿನಲ್ಲಿ ಎಲ್ಲವನ್ನೂ ಹೇಳುತ್ತದೆ, ಜೊತೆಗೆ ಆರಂಭವನ್ನು ಇನ್ನೊಮ್ಮೆ ನೋಡುವ ಆಸೆ ಹುಟ್ಟಿಸುತ್ತದೆ.

*ಕೊನೆ, 10 ಸೆಕೆಂಡು*

ಚಿತ್ರ: ಮೂರನೆಯ ಜೋಡಿಯ ನಿರೀಕ್ಷೆಯದೇ ಚೌಕಟ್ಟು. ಎಡಕ್ಕೆ ಎತ್ತರವಾಗಿ ಬೆಳಗುತ್ತಿರುವ ದೀಪ, ಬಲಕ್ಕೆ ಯಾರದೋ ರೇಷ್ಮೆ ಸೀರೆಯ ಜರಿ ಅಂಚು. ಕಿಟಕಿಯ ಬೆಳಕು. ಕ್ಯಾಮೆರಾ ನಿಧಾನವಾಗಿ ಮೇಲಕ್ಕೂ ಹಿಂದಕ್ಕೂ ಸರಿಯುತ್ತದೆ. ಸೀರೆ ಪಟ್ಟದ ಗೊಂಬೆ ರಾಣಿಯದು. ದೀಪ ಅವಳ ಪಕ್ಕಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇನ್ನೂ ಹಿಂದೆ ಸರಿದಾಗ ಇಡೀ ಗೊಂಬೆ ಮೆಟ್ಟಿಲು, ಮುಂದೆ ಕೈ ಕಟ್ಟಿಕೊಂಡು ನಿಂತ ಅತ್ತೆ, ಸೊಸೆ. ರಾಜನ ಪಕ್ಕದ ಜಾಗ ಖಾಲಿ.

ಧ್ವನಿ: ವೀಣೆ. ಅತ್ತೆ: ‘ಚೆನ್ನಾಗಿದೆ. ಇನ್ನೊಂದು ಎಲ್ಲಿ?’

*ಬಾಲ, 6 ಸೆಕೆಂಡು*

ಚಿತ್ರ: ಇಬ್ಬರೂ ನಿಧಾನವಾಗಿ ಬಾಗಿಲ ಕಡೆ ತಿರುಗುತ್ತಾರೆ. ಮೊದಲ ಜೋಡಿಯ ಬಾಗಿಲಿನ ಫ್ರೇಮ್. ದೂರದ ಬೀದಿಯಲ್ಲಿ ರದ್ದಿಯವನ ತಳ್ಳುಗಾಡಿ, ಅದರ ಮೇಲೆ ಅದೇ ದೊಡ್ಡ ಪೆಟ್ಟಿಗೆ, ಅದರಲ್ಲಿ ತುಂಬಿದ ಕಂದು ಕಾಗದ. ಸುಮಾ ಸೆರಗು ಬಿಗಿದು ಫ್ರೇಮಿನೊಳಕ್ಕೆ ಓಡುತ್ತಾಳೆ.

ಧ್ವನಿ: ದೂರದಿಂದ, ‘ಹಳೇ ಪೇಪರ್…’

‘ಜೋಡಿ’ ಎಂಬುದನ್ನು ಆರಂಭದಲ್ಲಿ ಎರಡು ಸಲ ಹೇಳಿಯಾಗಿದೆ: ತೆರೆಯ ಚಿತ್ರದಲ್ಲಿ ಒಮ್ಮೆ, ಸುಮಾಳ ಮಾತಿನಲ್ಲಿ ಒಮ್ಮೆ. ಅಂಗೈ ಮೇಲೆ ಬಂದದ್ದು ಒಂದೇ. ಮೊದಲ ಓದಿನಲ್ಲಿ ಇದನ್ನು ಯಾರೂ ಹಿಡಿಯದಿದ್ದರೆ ಬಾಲ ಕೆಲಸ ಮಾಡುತ್ತದೆ. ಯಾರಾದರೂ ನಡುವೆಯೇ ‘ಇನ್ನೊಂದು ದೀಪ ಎಲ್ಲಿ’ ಎಂದು ಕೇಳಿದರೆ ಎರಡನೆಯ ಜೋಡಿಯ ನಂತರದ ದೃಶ್ಯಗಳನ್ನು ಇನ್ನಷ್ಟು ಬಿಗಿಗೊಳಿಸಿ, ಯೋಚಿಸುವಷ್ಟು ಬಿಡುವು ಸಿಗದಂತೆ ಮಾಡಿ.

ಚಿತ್ರೀಕರಣಕ್ಕೆ ಮುನ್ನ

ಪಾಠದಲ್ಲಿ ‘ಅದೇ ಫ್ರೇಮ್’ ಎಂದು ಬರೆದ ಪ್ರತಿ ಕಡೆಯೂ ಒಂದು ಗುರುತು ಹಾಕಿ, ಚಿತ್ರೀಕರಣದ ಪಟ್ಟಿಯನ್ನು ಅದರ ಪ್ರಕಾರ ಮಾಡಿ. ಕಥೆಯ ಕ್ರಮದಲ್ಲಿ ತೆಗೆಯಬೇಡಿ, ಫ್ರೇಮಿನ ಕ್ರಮದಲ್ಲಿ ತೆಗೆಯಿರಿ. ಬಾಗಿಲಿನ ಫ್ರೇಮ್ ಕಥೆಯಲ್ಲಿ ಮೂರು ಸಲ ಬರುತ್ತದೆ. ಮೂರನ್ನೂ ಒಂದೇ ನಿಲುವಿನಲ್ಲಿ ಮುಗಿಸಿಬಿಡಿ. ಟ್ರೈಪಾಡ್‌ನ ಮೂರು ಕಾಲುಗಳ ಜಾಗಕ್ಕೆ ನೆಲದ ಮೇಲೆ ಟೇಪ್ ಅಂಟಿಸಿ, ಫೋನಿನ ಎತ್ತರವನ್ನು ಬರೆದಿಟ್ಟುಕೊಳ್ಳಿ. ಫ್ರೇಮ್ ನಾಲ್ಕು ಬೆರಳು ಆಚೀಚೆಯಾದರೂ ಕಟ್‌ನಲ್ಲಿ ಬಾಗಿಲು ಹಾರಿದಂತೆ ಕಾಣುತ್ತದೆ, ಕಣ್ಣು ಪೆಟ್ಟಿಗೆಯನ್ನು ಬಿಟ್ಟು ಬಾಗಿಲಿನ ಹಿಂದೆ ಹೋಗುತ್ತದೆ.

ಒಂದೇ ಫ್ರೇಮಿನಲ್ಲಿ ಹಗಲು ಬೆಳಕೂ ಟ್ಯೂಬ್‌ಲೈಟೂ ಬೇಕಾದ್ದರಿಂದ ನಿರೀಕ್ಷೆಯನ್ನು ಬೆಳಿಗ್ಗೆ ತೆಗೆದು, ಟೇಪ್ ಕೀಳದೆ ಹಾಗೆಯೇ ಬಿಟ್ಟು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ ವಾಸ್ತವವನ್ನು ತೆಗೆಯಬಹುದು. ಟ್ಯೂಬ್‌ಲೈಟ್‌ನಲ್ಲಿ ಫೋನಿನ ಚಿತ್ರದ ಮೇಲೆ ಕೆಲವೊಮ್ಮೆ ಕಪ್ಪು ಪಟ್ಟೆಗಳು ಹರಿಯುತ್ತವೆ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್‌ನದು, ಅದರಲ್ಲಿ ಉರಿಯುವ ದೀಪ ಸೆಕೆಂಡಿಗೆ ನೂರು ಸಲ ಏರಿಳಿಯುತ್ತದೆ. ಕ್ಯಾಮೆರಾ ಆ್ಯಪ್‌ನಲ್ಲಿ ಶಟರ್ ವೇಗವನ್ನು 1/50 ಅಥವಾ 1/100ಕ್ಕೆ ಕಟ್ಟಿಹಾಕಿದರೆ ಪಟ್ಟೆ ಹೋಗುತ್ತದೆ. ನಿಧಾನಗತಿಯ ದೃಶ್ಯಕ್ಕೆ ಸೆಕೆಂಡಿಗೆ 50 ಅಥವಾ 60 ಚಿತ್ರ ತೆಗೆದು ಅರ್ಧ ವೇಗದಲ್ಲಿ ಓಡಿಸಿ. ಅದು ಹಗಲು ಬೆಳಕಿನಲ್ಲೇ ಇರುವುದರಿಂದ ಪಟ್ಟೆಯ ಕಾಟ ಇರುವುದಿಲ್ಲ.

ಉದ್ದುದ್ದ ಫ್ರೇಮಿನ ಕೆಳಗಿನ ಅಂಚನ್ನೂ ಬಲ ಅಂಚನ್ನೂ ಮೊಬೈಲ್ ವಿಡಿಯೋ ಆ್ಯಪ್‌ಗಳು ಹೆಸರು, ಗುಂಡಿಗಳಿಂದ ಮುಚ್ಚುತ್ತವೆ. ನಮ್ಮ ಮೂರನೆಯ ಜೋಡಿಯಲ್ಲಿ ಸಣ್ಣ ದೀಪ ಇರುವುದು ಕೆಳಗೇ. ಆದ್ದರಿಂದ ಅದು ಫ್ರೇಮಿನ ಕೆಳಗಿನ ಕಾಲುಭಾಗಕ್ಕಿಂತ ಮೇಲೆ ಬರುವಂತೆ ಕ್ಯಾಮೆರಾವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ, ಅದೇ ಬಾಗನ್ನು ನಿರೀಕ್ಷೆಗೂ ಇಡಿ.

ಸದ್ದಡಗಿಸಿ ನೋಡುವುದು

ಕತ್ತರಿಸಿ ಜೋಡಿಸಿದ ಮೇಲೆ ಕಥೆ ಗೊತ್ತಿಲ್ಲದ ಒಬ್ಬರಿಗೆ ಸದ್ದಿಲ್ಲದೆ ತೋರಿಸಿ. ಸಾಧ್ಯವಾದರೆ ಕನ್ನಡ ಬಾರದವರಿಗೆ. ತೆರೆಯನ್ನಲ್ಲ, ಅವರ ಮುಖವನ್ನು ನೋಡುತ್ತ ಕುಳಿತುಕೊಳ್ಳಿ. ನಗು ಬರುವ ಜಾಗ ಕಟ್ ಆದ ಅರೆಕ್ಷಣದೊಳಗೇ ಇರಬೇಕು. ತಡವಾಗಿ ಬಂದರೆ ಅವರು ವ್ಯತ್ಯಾಸವನ್ನು ಹುಡುಕುತ್ತಿದ್ದಾರೆ ಎಂದರ್ಥ. ಆ ಜೋಡಿಗೆ ಹಿಂತಿರುಗಿ ಏನು ಎರಡನೆಯದಾಗಿ ಬದಲಾಗಿದೆ ಎಂದು ನೋಡಿ. ಹೆಚ್ಚಿನ ಸಲ ಅಪರಾಧಿ ತೀರಾ ಸಣ್ಣದು: ಹಿನ್ನೆಲೆಯಲ್ಲಿ ಜಾಗ ಬದಲಿಸಿದ ಗೊಂಬೆ, ಅರ್ಧ ತೆರೆದ ಪರದೆ, ಹುಡುಗನ ಟೋಪಿ.

ನಗು ಬರಲೇ ಇಲ್ಲವೆಂದರೆ ನಿರೀಕ್ಷೆಯ ದೃಶ್ಯ ಉದ್ದವಾಗಿರಬಹುದು. ಐದು ಸೆಕೆಂಡಿನದನ್ನು ನಾಲ್ಕಕ್ಕೆ ಇಳಿಸಿ ಮತ್ತೆ ತೋರಿಸಿ, ಆದರೆ ಇನ್ನೊಬ್ಬರಿಗೆ. ಅದೇ ವ್ಯಕ್ತಿಗೆ ಎರಡನೆಯ ಸಲ ತೋರಿಸಿದರೆ ಹೆಬ್ಬೆರಳಿಗೆ ನಗುತ್ತಾರೆ, ಅದು ಬೇರೆಯೇ ಲೆಕ್ಕ. ಕೊನೆಯ ದೃಶ್ಯದಲ್ಲಿ ಮಾತ್ರ ಈ ಪರೀಕ್ಷೆ ಉಲ್ಟಾ. ಅಲ್ಲಿ ರಾಣಿಯ ಮುಖ ಕಾಣುವವರೆಗೆ ಯಾರೂ ನಗಬಾರದು. ಮೊದಲೇ ನಕ್ಕರೆ ಜರಿಯ ಅಂಚು ಗೊಂಬೆಯದೆಂದು ಗೊತ್ತಾಗಿಬಿಟ್ಟಿದೆ. ಗೊಂಬೆಗೆ ಉಡಿಸಿದ ಬಟ್ಟೆಯ ನೇಯ್ಗೆ ಅದರ ಗಾತ್ರಕ್ಕೆ ತೀರಾ ದಪ್ಪವಾಗಿದ್ದರೆ ಹೀಗಾಗುತ್ತದೆ. ಸಣ್ಣ ಅಂಚಿನ, ತೆಳು ನೂಲಿನ ರವಿಕೆ ಕಣದ ತುಂಡೊಂದನ್ನು ಹುಡುಕಿ, ಇಸ್ತ್ರಿ ಹಾಕಿ, ನೆರಿಗೆ ಹಿಡಿದು, ಆ ದೃಶ್ಯವೊಂದನ್ನು ಇನ್ನೊಮ್ಮೆ ತೆಗೆಯಿರಿ.